‘ಅಮ್ಮಂಗೆ ಹೆಲ್ಪ್ ಮಾಡ್ತಾನೆ’ ಅನ್ನುವ ಹೊಗಳಿಕೆ

ಮಗಳಿಗೆ ಕಾರು ಕೊಡಿಸಬೇಕೇ, ಮಗ ಗೊಂಬೆ ಕೇಳಿದರೆ ಬೇಡ ಅನ್ನಬೇಕೇ ಎಂದು ಕೇಳಿಕೊಂಡು ಬರುವ ಅಪ್ಪ ಅಮ್ಮಂದಿರಿಗೆ ನನ್ನ ಉತ್ತರ ಚಿಕ್ಕದು. ಎರಡನ್ನೂ ಒಂದೇ ಬುಟ್ಟಿಯಲ್ಲಿ ಇಡಿ, ಮಗು ಯಾವುದನ್ನು ಎತ್ತಿಕೊಂಡರೂ ಮುಖದಲ್ಲಿ ಏನೂ ತೋರಿಸಬೇಡಿ. ಬಣ್ಣದ ವಿಷಯಕ್ಕಂತೂ ಜಗಳವೇ ಬೇಡ. ಏಳು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳ ಮುಂದೆ ಬಣ್ಣದ ವಸ್ತುಗಳನ್ನಿಟ್ಟು ಅಮೆರಿಕದಲ್ಲಿ ಮಾಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ತೀರಾ ಚಿಕ್ಕ ಹೆಣ್ಣುಮಕ್ಕಳಿಗೆ ಗುಲಾಬಿಯ ಮೇಲೆ ವಿಶೇಷ ಒಲವು ಕಾಣಲಿಲ್ಲ. ಎರಡು ವರ್ಷ ದಾಟುವ ಹೊತ್ತಿಗೆ ಅವರು ಅದರತ್ತ ಹೊರಳಿದರು, ಗಂಡುಮಕ್ಕಳು ಅದರಿಂದ ದೂರ ಸರಿಯತೊಡಗಿದರು. ತಾನು ಹುಡುಗನೋ ಹುಡುಗಿಯೋ ಎಂದು ಮಗು ತಿಳಿದುಕೊಳ್ಳುವ ವಯಸ್ಸೂ ಅದೇ. ಆ ವಯಸ್ಸಿನ ಮಗಳು ಗುಲಾಬಿ ಲಂಗವೇ ಬೇಕೆಂದು ಹಟ ಹಿಡಿದರೆ ಕೊಡಿಸಿಬಿಡಿ.

ನನ್ನ ಕೊಠಡಿಗೆ ಬರುವ ಮನೆಗಳಲ್ಲಿ ಆಟಿಕೆಗಿಂತ ಆಳವಾಗಿ ಬೇರೂರಿರುವುದು ಬೇರೆ: ಮಗುವಿಗೆ ಯಾವ ಕೆಲಸ ಹೇಳುತ್ತೇವೆ, ಅದು ಮುಗಿದ ಮೇಲೆ ಯಾವ ಮಾತು ಆಡುತ್ತೇವೆ ಅನ್ನುವುದು.

ಒಂದು ಮನೆಯ ಕಥೆ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮೈಸೂರಿನ ದಂಪತಿ. ಮಗಳಿಗೆ ಹನ್ನೊಂದು, ಮಗನಿಗೆ ಒಂಬತ್ತು, ಜೊತೆಗೆ ಅಜ್ಜಿ. ‘ಮಗಳು ಮೊದಲು ಹೀಗಿರಲಿಲ್ಲ ಮೇಡಂ, ಮಾತಿಗೆ ಮುಂಚೆ ಸಿಡುಕ್ತಾಳೆ, ತಮ್ಮನ ಕಂಡ್ರೆ ಆಗಲ್ಲ’ ಎಂಬುದು ದೂರು. ಇಬ್ಬರನ್ನೂ ಒಂದೇ ಥರ ಬೆಳೆಸ್ತಿದ್ದೀವಿ, ಅವನ ಕೈಲೂ ಕೆಲಸ ಮಾಡಿಸ್ತೀವಿ ಎಂದು ತಂದೆ ಒತ್ತಿ ಹೇಳಿದರು. ಸುಳ್ಳೇನಲ್ಲ. ಏಳು ದಿನ ಒಂದು ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆಯಲು ಹೇಳಿ ಕಳಿಸಿದೆ: ಯಾವ ಮಗು ಏನು ಕೆಲಸ ಮಾಡಿತು, ಹೇಳಿಸಿಕೊಂಡು ಮಾಡಿತೋ ತಾನೇ ನೋಡಿ ಮಾಡಿತೋ, ಆಮೇಲೆ ಯಾರು ಏನಂದರು.

ವಾರದ ನಂತರ ಆ ನೋಟ್‌ಬುಕ್ ನೋಡಿದಾಗ ಮಗನ ಹೆಸರಿನ ಮುಂದೆ ಇದ್ದದ್ದು ಅಂಗಡಿಯಿಂದ ಮೊಸರು ತಂದದ್ದು, ಅಪ್ಪನ ಸ್ಕೂಟರ್ ಒರೆಸಿದ್ದು, ಭಾನುವಾರ ತೆಂಗಿನಕಾಯಿ ಸುಲಿಯಲು ಕೈಜೋಡಿಸಿದ್ದು. ಮಗಳ ಹೆಸರಿನ ಮುಂದೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟದ್ದು, ಬಟ್ಟೆ ಮಡಚಿದ್ದು, ಊಟಕ್ಕೆ ತಟ್ಟೆ ಲೋಟ ಇಟ್ಟದ್ದು, ತನ್ನದರ ಜೊತೆಗೆ ತಮ್ಮನ ಬ್ಯಾಗಿನಿಂದಲೂ ಟಿಫಿನ್ ಡಬ್ಬಿ ತೆಗೆದು ತೊಳೆದದ್ದು. ಎಣಿಕೆಯಲ್ಲಿ ವ್ಯತ್ಯಾಸವಿತ್ತು, ಆದರೆ ನನಗೆ ಮುಖ್ಯವಾಗಿ ಕಂಡದ್ದು ಕೆಲಸದ ಜಾತಿ. ಅವನದು ಹೊರಗಿನ, ಆಗೊಮ್ಮೆ ಈಗೊಮ್ಮೆ ಬರುವ, ಮುಗಿದರೆ ಮುಗಿಯಿತು ಅನ್ನುವಂಥ ಕೆಲಸ, ಎಲ್ಲವೂ ಹೇಳಿಸಿಕೊಂಡು ಮಾಡಿದ್ದು. ಅವಳದು ದಿನಾ ಬರುವ, ಮಾಡಿದರೆ ಯಾರಿಗೂ ಕಾಣದ, ಬಿಟ್ಟರೆ ಮಾತ್ರ ಕಾಣುವ ಕೆಲಸ, ಹೆಚ್ಚಿನವು ತಾನೇ ನೋಡಿ ಮಾಡಿದ್ದು.

ಮೂರನೆಯ ಅಂಕಣ ಇನ್ನೂ ಸ್ಪಷ್ಟವಾಗಿತ್ತು. ಮಗ ಒಂದು ಸಂಜೆ ಲೋಟಗಳನ್ನು ಸಿಂಕಿಗೆ ತಂದಿಟ್ಟಾಗ ಅಜ್ಜಿ, ‘ನೋಡು, ನನ್ನ ರಾಜ ಅಮ್ಮಂಗೆ ಎಷ್ಟು ಹೆಲ್ಪ್ ಮಾಡ್ತಾನೆ!’ ಎಂದಿದ್ದರು. ಅದೇ ದಿನ ಮಗಳು ಮಡಚಿದ ಬಟ್ಟೆಗೆ ಸಿಕ್ಕಿದ್ದು, ‘ಸೀರೆ ಅಂಚು ಸರಿಯಾಗಿ ಸೇರಿಸಿಲ್ಲ, ನಾಳೆ ಕೊಟ್ಟ ಮನೇಲಿ ಏನಂತಾರೆ?’ ಅಜ್ಜಿಯ ಮಾತಿನಲ್ಲಿ ಇಬ್ಬರ ಮೇಲೂ ಪ್ರೀತಿಯೇ ಇತ್ತು. ಆದರೆ ಮಕ್ಕಳು ಕೇಳಿಸಿಕೊಂಡದ್ದೇ ಬೇರೆ. ‘ಹೆಲ್ಪ್’ ಎಂದೊಡನೆ ಆ ಕೆಲಸ ಅಮ್ಮನದು, ಮಗ ಮಾಡಿದ್ದು ಉಪಕಾರ ಎಂದು ತೀರ್ಮಾನವಾಗಿಬಿಡುತ್ತದೆ. ಮಗಳು ಮಾಡಿದ್ದು ಉಪಕಾರವಲ್ಲ, ಮುಂದಿನ ಮನೆಗೆ ತಾಲೀಮು.

ಈ ತಾಲೀಮು ಎಲ್ಲಿಗೆ ಮುಟ್ಟುತ್ತದೆ ಎಂಬುದು ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿದೆ. ಮನೆಗೆಲಸ ಮಾಡಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟಿದ್ದರು, ಗಂಡಸರು 97 ನಿಮಿಷ. ಅಷ್ಟಾದರೂ ಕೈಹಚ್ಚಿದ ಗಂಡಸರು ನೂರಕ್ಕೆ 26 ಮಂದಿ ಮಾತ್ರ.

ಆ ದಂಪತಿಗೆ ನಾನು ಹೇಳಿದ ಬದಲಾವಣೆ ಒಂದೇ. ಮಗನಿಗೆ ಹತ್ತು ಕೆಲಸ ಹೇಳಬೇಡಿ, ಒಂದು ಕೆಲಸವನ್ನು ಪೂರ್ತಿ ಒಪ್ಪಿಸಿ. ಟಿಫಿನ್ ಡಬ್ಬಿಯನ್ನೇ ಆರಿಸಿಕೊಂಡೆವು. ಸಂಜೆ ಇಬ್ಬರ ಬ್ಯಾಗಿನಿಂದಲೂ ಡಬ್ಬಿ ತೆಗೆಯಬೇಕು, ಉಳಿದದ್ದನ್ನು ಹಸಿಕಸಕ್ಕೆ ಹಾಕಬೇಕು, ತೊಳೆದು ಬೋರಲು ಹಾಕಬೇಕು, ಬೆಳಿಗ್ಗೆ ಅಮ್ಮನ ಕೈಗೆ ಒಣಗಿದ ಡಬ್ಬಿ ಸಿಗಬೇಕು. ನೆನಪಿಟ್ಟುಕೊಳ್ಳುವುದೂ ಅವನ ಪಾಲಿನದೇ. ಮೊದಲ ಎರಡು ದಿನ ಪಕ್ಕದಲ್ಲಿ ನಿಂತು ತೋರಿಸಿ, ಆಮೇಲೆ ನೆನಪಿಸಬೇಡಿ ಎಂದೆ. ಸ್ಕೂಟರ್ ಒರೆಸುವುದು, ಅಪ್ಪನ ಜೊತೆ ನಲ್ಲಿಯ ವಾಷರ್ ಬದಲಿಸುವುದು ಮಗಳ ಕಡೆಗೆ ಬಂತು.

ಇಂಥ ಏರ್ಪಾಡು ಕೆಡುವುದು ಹೆಚ್ಚಾಗಿ ಮೊದಲ ವಾರದಲ್ಲೇ, ಅದೂ ಮಗುವಿನಿಂದಲ್ಲ. ಶುಕ್ರವಾರ ಅವನು ಮರೆತ. ಸೋಮವಾರ ಬೆಳಿಗ್ಗೆ ಬ್ಯಾಗ್ ತೆಗೆದರೆ ಹುಳಿತ ಮೊಸರನ್ನದ ವಾಸನೆ, ಹೊರಗೆ ಶಾಲೆಯ ವ್ಯಾನಿನ ಹಾರ್ನ್. ಆ ಹೊತ್ತಿಗೆ ಅಮ್ಮನ ಕೈ ತಾನಾಗಿ ಡಬ್ಬಿಯತ್ತ ಹೋಗುತ್ತದೆ. ಅವರು ತೊಳೆದುಕೊಟ್ಟಿದ್ದರೆ, ಮರೆತರೆ ಯಾರಾದರೂ ಮಾಡುತ್ತಾರೆ ಎಂಬ ಪಾಠ ಅವನಿಗೆ ಸಿಗುತ್ತಿತ್ತು. ಅವರು ಸುಮ್ಮನೆ ನಿಂತರು. ಅವನೇ ಮೂಗು ಮುಚ್ಚಿಕೊಂಡು ಎರಡೂ ಡಬ್ಬಿ ಉಜ್ಜಿದ, ವ್ಯಾನು ಹೋಯಿತು, ಅಪ್ಪ ಬಿಟ್ಟುಬಂದರು. ಆಫೀಸಿಗೆ ತಡವಾದದ್ದಕ್ಕೆ ಅವರು ನನ್ನ ಮೇಲೆ ಬೇಸರಿಸಿಕೊಂಡದ್ದೂ ಹೌದು.

ಅಜ್ಜಿ, ‘ಗಂಡು ಮಗು ಕೈಲಿ ಮುಸುರೆ ತೊಳೆಸ್ತೀರಾ?’ ಎಂದು ನೊಂದುಕೊಂಡರು. ಹಿರಿಯರೊಡನೆ ವಾದಕ್ಕಿಳಿಯಬಾರದು. ನಳಪಾಕ, ಭೀಮಪಾಕ ಎಂದು ಗಂಡಸರ ಹೆಸರಲ್ಲೇ ಅಡುಗೆಯನ್ನು ಹೊಗಳುವವರು ನಾವು. ಮದುವೆಮನೆಯ ಕೊಪ್ಪರಿಗೆಯ ಮುಂದೆ ನಿಲ್ಲುವವರೂ ಬಹುಪಾಲು ಗಂಡಸರೇ. ‘ನಿಮ್ಮ ಕೈಯ ಗೊಜ್ಜು ಅವನಿಗೆ ಕಲಿಸಿಕೊಡಿ’ ಎಂದು ಅಜ್ಜಿಯನ್ನೇ ಕೇಳಿಕೊಂಡೆವು. ಕಲಿಸುವ ಪಟ್ಟ ಸಿಕ್ಕ ಮೇಲೆ ಅವರ ಬೇಸರ ಇಳಿಯಿತು.

ಹೊಗಳಿಕೆಯನ್ನು ತಿದ್ದುವುದಕ್ಕೆ ಮೂರು ವಾರಕ್ಕಿಂತ ಹೆಚ್ಚು ಹಿಡಿಯಿತು. ನಾನು ಕೊಟ್ಟ ಅಳತೆಗೋಲು ಸರಳ: ಇದೇ ಮಾತನ್ನು ಇನ್ನೊಂದು ಮಗುವಿಗೂ ಆಡುತ್ತಿದ್ದೆನೇ? ‘ಅಮ್ಮಂಗೆ ಹೆಲ್ಪ್ ಮಾಡ್ದೆ’ ಎಂದು ಮಗಳಿಗೆ ಯಾರೂ ಉಬ್ಬಿ ಹೇಳುವುದಿಲ್ಲ, ಆದ್ದರಿಂದ ಮಗನಿಗೂ ಬೇಡ. ‘ಮುಚ್ಚಳದ ರಬ್ಬರ್ ಬಿಚ್ಚಿ ತೊಳೆದಿದ್ದೀಯಲ್ಲ, ಈಗ ವಾಸನೆ ಇಲ್ಲ’ ಎಂದು ಮಾಡಿದ್ದನ್ನು ಹೆಸರಿಸಿದರೆ ಸಾಕು. ಮಗಳಿಗೂ ಹಾಗೆಯೇ. ‘ಜಾಣೆ, ಹೇಳಿದ್ದು ಕೇಳ್ತಾಳೆ’ ಎಂಬುದು ವಿಧೇಯತೆಗೆ ಕೊಟ್ಟ ಬಹುಮಾನ. ‘ವಾಷರ್ ಸವೆದಿದೆ ಅಂತ ನೀನೇ ಕಂಡುಹಿಡಿದೆ’ ಎಂಬುದು ಅವಳ ಕೆಲಸದ ಮೇಲಿನ ಮಾತು. ನಮ್ಮ ಕಡೆ ಮುದ್ದಿಗೆ ಮಗಳನ್ನು ‘ಬಾರೋ ಮಗನೇ’ ಎಂದು ಕರೆಯುವುದುಂಟು, ಮಗನನ್ನು ‘ಬಾರೇ’ ಎಂದರೆ ಬೈಗುಳವಾಗುತ್ತದೆ. ಯಾವುದು ಮೇಲು ಎಂದು ಮಕ್ಕಳು ಇಷ್ಟರಲ್ಲೇ ಗ್ರಹಿಸುತ್ತಾರೆ.

ನಾನು ನಿರೀಕ್ಷಿಸಿದ್ದ ಒಂದು ತೊಡಕು ಕೊನೆಗೆ ಬಂತು. ಮಗಳೇ ಡಬ್ಬಿ ಕೆಲಸ ವಾಪಸ್ ಕೇಳಿದಳು. ‘ಅವನು ಸರಿಯಾಗಿ ತೊಳೆಯಲ್ಲ, ನಾನೇ ಮಾಡ್ತೀನಿ.’ ಮನೆಯಲ್ಲಿ ತನಗೊಂದು ಸ್ಥಾನವಿದೆ ಅನ್ನಿಸುತ್ತಿದ್ದದ್ದು ಆ ಕೆಲಸಗಳಿಂದಲೇ, ಅವು ಕೈತಪ್ಪಿದಾಗ ಅವಳಿಗೆ ದಿಗಿಲು. ಒತ್ತಾಯ ಮಾಡಲಿಲ್ಲ. ಸಂಜೆ ಆ ಇಪ್ಪತ್ತು ನಿಮಿಷ ಏನು ಮಾಡಬೇಕೆಂದು ಅವಳನ್ನೇ ಕೇಳಿದೆ. ಬಹಳ ಹೊತ್ತು ಯೋಚಿಸಿ, ‘ಸುಮ್ನೆ ಮಹಡಿ ಮೇಲೆ ಕೂತಿರಬಹುದಾ?’ ಎಂದಳು. ಅಮ್ಮ ಅವಳ ಮುಖವನ್ನೇ ನೋಡುತ್ತ, ‘ನಂಗೂ ಜಾಗ ಇಟ್ಟಿರು ಪುಟ್ಟಿ’ ಎಂದರು.