‘ಡಿಪಾರ್ಚರ್’ ಅಂದ್ರ ಯಾವ ಊರಿಂದ ಹೊರಡೂದು?

ಗದಗಿಂದ ಒಬ್ರು ರಿಟೈರ್ಡ್ ಮಾಸ್ತರು ಹುಬ್ಬಳ್ಳಿಗೆ ನನ್ನ ಹತ್ರ ಬಂದಿದ್ರು. ಮಗ ಜರ್ಮನಿಯೊಳಗ ಅದಾನ, ಗಂಡ-ಹೆಂಡ್ತಿ ಇಬ್ರೂ ಮಾರ್ಚ್ 1ಕ್ಕ ಹೋಗಿ ಮೇ 20ಕ್ಕ ವಾಪಸ್ ಬರೂದಂತ. ವೀಸಾ ಅಪಾಯಿಂಟ್‌ಮೆಂಟ್ ಮೇಲ್ ಇಂಗ್ಲಿಷ್‌ನಾಗ, ಅದನ್ನ ಊರಾಗ ಯಾರೋ ಕನ್ನಡ ಮಾಡಿ ಕೊಟ್ಟಿದ್ರು, ‘ಒಮ್ಮೆ ನೋಡ್ರಿ ಮೇಡಂ’ ಅಂದ್ರು.

ನೋಡಿದ್ನಿ. ‘ಪಾಸ್‌ಪೋರ್ಟ್ ಹೊರಡುವ ದಿನದಿಂದ ಮೂರು ತಿಂಗಳು ಚಾಲ್ತಿಯಲ್ಲಿರಬೇಕು’ ಅಂತ ಒಂದು ಸಾಲು. ವ್ಯಾಕರಣ ಚೊಲೋ ಐತಿ, ಅರ್ಥ ಪೂರಾ ತಪ್ಪು. ಮೇಲ್‌ನಾಗ ಇರೂ ಡಿಪಾರ್ಚರ್ ಅಂದ್ರ ಶೆಂಗೆನ್ ದೇಶಗಳಿಂದ, ಅಂದ್ರ ಜರ್ಮನಿ ಸೇರಿ ಒಂದೇ ವೀಸಾ ನಡಿಯೂ ಯುರೋಪಿನ ದೇಶಗಳಿಂದ, ಹೊರಗ ಬೀಳೂ ದಿನ, ಅಂದ್ರ ವಾಪಸ್ ಬರೂ ದಿನ, ಆದ್ರ ನಾವು ‘ಹೊರಡೂ ದಿನ’ ಅಂದ ಕೂಡ್ಲೇ ಮನಿ ಬಿಟ್ಟು ಏರ್‌ಪೋರ್ಟಿಗೆ ಹೋಗೂ ದಿನ ಅಂತನ ತಿಳ್ಕೋತೀವಿ. ಮಾಸ್ತರೂ ಹಂಗ ಲೆಕ್ಕ ಹಾಕಿದ್ರು, ಮಾರ್ಚ್ 1ರಿಂದ ಮೂರು ತಿಂಗಳು ಅಂದ್ರ ಜೂನ್ 1, ನಮ್ಮ ಪಾಸ್‌ಪೋರ್ಟ್ ಆಗಸ್ಟ್ 10ರ ತನಕ ಐತಿ, ಆರಾಮ್. ಖರೇ ಲೆಕ್ಕ ಮೇ 20ರಿಂದ ಹಿಡೀಬೇಕು, ಆಗಸ್ಟ್ 20 ಆಗತೈತಿ. ಹತ್ತು ದಿನ ಕಡಿಮಿ!

ಅದಕ್ಕ ನಾನು ಇಂಥಾ ಸಾಲನ್ನ ಬರೇ ಅನುವಾದ ಮಾಡಂಗಿಲ್ಲ, ಅವರ ತಾರೀಖು ಹಾಕಿ ಲೆಕ್ಕ ಮುಗಿಸೇ ಬರೀತೀನಿ: ‘ಪಾಸ್‌ಪೋರ್ಟ್ ಆಗಸ್ಟ್ 20ರ ತನಕ ನಡೀಬೇಕು. ನಿಮ್ದು ಆಗಸ್ಟ್ 10ಕ್ಕ ಮುಗೀತೈತಿ.’ ಇದನ್ನ ಎಲ್ಲಕ್ಕೂ ಮ್ಯಾಲೆ, ಅಪಾಯಿಂಟ್‌ಮೆಂಟ್ ಟೈಮಿಗಿಂತಲೂ ಮೊದ್ಲ, ದಪ್ಪ ಅಕ್ಷರದಾಗ ಹಾಕಿದ್ನಿ, ಯಾಕಂದ್ರ ಹೊಸಾ ಪಾಸ್‌ಪೋರ್ಟ್ ಬಂದ್ರ ನಂಬರೂ ಬದ್ಲಾಗತೈತಿ, ಅರ್ಜಿ, ಇನ್ಶೂರನ್ಸು, ಎಲ್ಲಾ ಕಡೆ ಹೊಸಾ ನಂಬರ್ ಬೇಕು.

ಇನ್ನೊಂದು ಸಾಲು ಹೊಣೆಪತ್ರದ್ದು, ‘ಒರಿಜಿನಲ್ ಮತ್ತು ಒಂದು ಝೆರಾಕ್ಸ್’. ಮಗ ಅಲ್ಲಿ ಸರ್ಕಾರಿ ಆಫೀಸಿನ್ಯಾಗ ‘ಅಪ್ಪ-ಅವ್ವನ ಖರ್ಚು ನಂದು’ ಅಂತ ಬರಕೊಟ್ಟು ತಗೊಳ್ಳೂ ಕಾಗದ ಇದು, ಜರ್ಮನ್ ಹೆಸರು ಹೇಳಾಕ ಹೋದ್ರ ನಾಲಿಗಿ ಗಂಟು ಬೀಳತೈತಿ. ಮಾಸ್ತರ ಮೊಬೈಲ್‌ನಾಗ ಅದರ ಪಿಡಿಎಫ್ ಇತ್ತು, ಅದನ್ನ ಪ್ರಿಂಟ್ ತಗದ್ರ ಆತು ಅಂತ ಕುಂತಿದ್ರು. ಪ್ರಿಂಟ್ ತಗದ್ರೂ ಅದು ಝೆರಾಕ್ಸೇ, ಒರಿಜಿನಲ್ ಕಾಗದ ಜರ್ಮನಿಯಿಂದ ಕೊರಿಯರ್‌ನಾಗ ಬರಬೇಕು. ಅಂದ್ರ ಈ ಕಾಗದದ ಕಡೇ ದಿನ ಅಪಾಯಿಂಟ್‌ಮೆಂಟ್ ದಿನ ಅಲ್ಲ, ಮಗ ಅಲ್ಲಿ ಕೊರಿಯರ್ ಹಾಕೂ ದಿನ. ಅದಕ್ಕ ‘ಇದು ಮಗನ ಕೆಲಸ’ ಅಂತ ಬ್ಯಾರೆ ಗೆರಿ ಹೊಡದು ಬರದ್ನಿ, ಇದರಾಗೂ ಪಾಸ್‌ಪೋರ್ಟ್ ನಂಬರ್ ಇರತೈತಿ, ಹಳೇ ನಂಬರ್ ಇದ್ರ ಏನ್ ಮಾಡಬೇಕಂತ ಅಲ್ಲಿ ಆಫೀಸಿನ್ಯಾಗ ಮೊದ್ಲ ಕೇಳು ಅಂತನೂ ಸೇರಿಸಿದ್ನಿ.

‘ರಿನ್ಯೂವಲ್ ಯಾಕ, ಮೇ 5ಕ್ಕ ವಾಪಸ್ ಬಂದ್ರ ನಡೀತೈತಲ್ರಿ?’ ಅಂದ್ರು ಮಾಸ್ತರು. ಲೆಕ್ಕ ಬರೋಬ್ಬರಿ ಐತಿ ಅಂದ್ನಿ. ಜೋಡಿ ಬಂದಿದ್ದ ಅವರ ಹೆಂಡ್ತಿ ಅಕ್ಕಾರು ಮಾತ್ರ ಒಪ್ಪಲಿಲ್ಲ, ಮೊಮ್ಮಗಳ ಬರ್ತ್‌ಡೇ ಮೇ 12ಕ್ಕ ಐತಂತ. ಅಲ್ಲೇ ನನ್ನ ಟೇಬಲ್ ಮುಂದ ಕುಂತು ಮಗನಿಗೆ ಫೋನ್ ಹಚ್ಚಿ, ‘ಪಾಸ್‌ಪೋರ್ಟ್ ಮೊದ್ಲ, ಬಾಕಿದ್ದು ಆಮ್ಯಾಲೆ’ ಅಂದ್ರು.