ಸಾಗಣೆ ವೆಚ್ಚ ಏರಿದ್ದು ಶೇ. 1ರಷ್ಟೋ, 62ರಷ್ಟೋ?

ಪ್ರಶ್ನೆ: ನಮ್ಮ ಸಂಸ್ಥೆಯ ಕಾಮನ್ ಸೈಜ್ ಪಟ್ಟಿಯಲ್ಲಿ ಸಾಗಣೆ ವೆಚ್ಚ 4ರಿಂದ 5ಕ್ಕೆ ಏರಿದೆ. ಟ್ರೆಂಡ್ ಪಟ್ಟಿಯಲ್ಲಿ ಅದೇ ವೆಚ್ಚ 162.5 ಎಂದಿದೆ. ಮಾರಾಟಕ್ಕಿಂತ ವೇಗವಾಗಿ ಬೆಳೆದ ಖರ್ಚನ್ನು ಗುರುತಿಸಲು ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಬಹುದು; ಅವು ಒಂದೇ ಸಂಗತಿಯನ್ನು ಎರಡು ಬದಿಯಿಂದ ತೋರಿಸುತ್ತವೆ. ಕಾಮನ್ ಸೈಜ್ ಪಟ್ಟಿಯಲ್ಲಿ ಆಯಾ ವರ್ಷದ ಮಾರಾಟವನ್ನು 100 ಎಂದು ಹಿಡಿದು ಪ್ರತಿ ಖರ್ಚನ್ನೂ ಅದರ ಪಾಲಾಗಿ ಬರೆಯುತ್ತಾರೆ. ಟ್ರೆಂಡ್ ಪಟ್ಟಿಯಲ್ಲಿ ಪ್ರತಿ ಬಾಬ್ತಿನ ಮೂಲ ವರ್ಷದ ಮೊತ್ತವೇ 100.

ಮೂಲ ವರ್ಷದಲ್ಲಿ ಮಾರಾಟ 1,000, ಸಾಗಣೆ 40 ಇದ್ದು, ಮೂರನೆಯ ವರ್ಷದಲ್ಲಿ ಅವು 1,300 ಮತ್ತು 65 ಆದವು ಎನ್ನೋಣ. ಮಾರಾಟದ ಟ್ರೆಂಡ್ 130, ಸಾಗಣೆಯದು 162.5. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.25 ಬರುತ್ತದೆ, ಕಾಮನ್ ಸೈಜ್ ಪಟ್ಟಿಯ 5ನ್ನು 4ರಿಂದ ಭಾಗಿಸಿದರೂ 1.25 ಬರುತ್ತದೆ. ಆದ್ದರಿಂದ ಖರ್ಚಿನ ಟ್ರೆಂಡನ್ನು 100ರೊಂದಿಗೆ ಅಲ್ಲ, ಅದೇ ವರ್ಷದ ಮಾರಾಟದ ಟ್ರೆಂಡಿನೊಂದಿಗೆ ಹೋಲಿಸಬೇಕು. ಕೂಲಿ 150ರಿಂದ 186ಕ್ಕೆ ಏರಿದ್ದರೆ ಅದರ ಟ್ರೆಂಡ್ 124. ಮೊತ್ತ ಹೆಚ್ಚಿದ್ದರೂ ಮಾರಾಟದ 130ನ್ನು ಅದು ಮುಟ್ಟಿಲ್ಲ, ಹಾಗಾಗಿ ಅದರ ಪಾಲು 15ರಿಂದ ಸುಮಾರು 14.3ಕ್ಕೆ ಇಳಿದಿರುತ್ತದೆ.

ಟ್ರೆಂಡ್ ಪಟ್ಟಿಯನ್ನಷ್ಟೇ ನೋಡುವವರು ಎಡವುವುದು ಚಿಕ್ಕ ಬಾಬ್ತುಗಳಲ್ಲಿ. ಅಂಚೆ ವೆಚ್ಚ 2ರಿಂದ 6ಕ್ಕೆ ಏರಿದರೆ ಟ್ರೆಂಡ್ 300 ಆಗಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ. ಇಂಥಲ್ಲಿ ನಾನು ಇನ್ನೊಂದು ಲೆಕ್ಕ ಮಾಡುತ್ತೇನೆ: ಮಾರಾಟದ ವೇಗದಲ್ಲೇ ಬೆಳೆದಿದ್ದರೆ ಖರ್ಚು ಎಷ್ಟಾಗಬೇಕಿತ್ತು? ಅಂಚೆ 2.6 ಆಗಬೇಕಿತ್ತು, ಹೆಚ್ಚುವರಿ 3.4. ಸಾಗಣೆ 52 ಆಗಬೇಕಿತ್ತು, ಹೆಚ್ಚುವರಿ 13. ಅದು 1,300ರ ಶೇ. 1, ಅಂದರೆ ಕಾಮನ್ ಸೈಜ್ ಪಟ್ಟಿಯಲ್ಲಿ ಅತ್ಯಲ್ಪವಾಗಿ ಕಂಡ ಆ ಒಂದು ಅಂಶವೇ. ಮೊದಲು ವಿಚಾರಿಸಬೇಕಾದದ್ದು ಸಾಗಣೆಯನ್ನು. ದರ ಏರಿತೇ, ದೂರ ಹೆಚ್ಚಿತೇ, ಸಣ್ಣ ಸಣ್ಣ ರವಾನೆಗಳು ಹೆಚ್ಚಾದವೇ ಎಂಬುದನ್ನು ಈ ಪಟ್ಟಿಗಳು ಹೇಳಲಾರವು. ಅದಕ್ಕೆ ಸಾಗಣೆ ಬಿಲ್ಲುಗಳನ್ನೇ ತೆರೆಯಬೇಕು.

ಮಾರಾಟ ಇಳಿದ ವರ್ಷದಲ್ಲಿ ಮಾತ್ರ ಕಾಮನ್ ಸೈಜ್ ಪಟ್ಟಿಯನ್ನು ಒಂಟಿಯಾಗಿ ಓದಬೇಡಿ. ಮಾರಾಟ 1,000ದಿಂದ 800ಕ್ಕೆ ಕುಸಿದು ಬಾಡಿಗೆ 50ರಲ್ಲೇ ನಿಂತಿದ್ದರೆ ಬಾಡಿಗೆಯ ಪಾಲು 5ರಿಂದ 6.25ಕ್ಕೆ ಏರುತ್ತದೆ, ಯಾರೋ ಬಾಡಿಗೆ ಹೆಚ್ಚಿಸಿದರೆಂಬ ಅನುಮಾನವೂ ಹುಟ್ಟುತ್ತದೆ. ಟ್ರೆಂಡ್ ಪಟ್ಟಿಯಲ್ಲಿ ಬಾಡಿಗೆ 100, ಮಾರಾಟ 80 ಎಂದಿರುವುದನ್ನು ಕಂಡಾಗಲಷ್ಟೇ ಬದಲಾದದ್ದು ಬಾಡಿಗೆಯಲ್ಲ, ಮಾರಾಟ ಎಂಬುದು ತಿಳಿಯುತ್ತದೆ.