ಗಾಬರಿ ಹೊತ್ತಲ್ಲಿ ಚಿನ್ನ ಏರಬೇಕಲ್ಲ, ಮೊದಲು ಬಿದ್ದಿದ್ದೇಕೆ?

ಪ್ರಶ್ನೆ: ಯುದ್ಧ ಬಂದರೆ, ಬ್ಯಾಂಕ್ ಮುಳುಗಿದರೆ ಚಿನ್ನ ಏರುತ್ತೆ ಅಂತಾರೆ. ಕೊರೊನಾ ಶುರುವಾದಾಗ ಇಳಿದಿತ್ತಲ್ಲ? (ಶಿಡ್ಲಘಟ್ಟದ ಓದುಗರೊಬ್ಬರು)

ಉತ್ತರ: ಏರುವುದೂ ನಿಜ, ಮೊದಲು ಬೀಳುವುದೂ ನಿಜ. ಠೇವಣಿಯಾಗಲಿ ಬಾಂಡ್ ಆಗಲಿ, ಇನ್ನೊಬ್ಬರು ತೀರಿಸಿದರಷ್ಟೇ ನಮ್ಮ ಹಣ. ಚಿನ್ನಕ್ಕೆ ಆ ಹಂಗಿಲ್ಲ, ಅದಕ್ಕೇ ಭಯ ಬಂದಾಗ ಕೊಳ್ಳುವವರು ಹೆಚ್ಚುತ್ತಾರೆ. ಯುದ್ಧದಲ್ಲಿ ಈ ಏರಿಕೆ ಬಹುಪಾಲು ಗುಂಡು ಹಾರುವ ಮುಂಚೆಯೇ ಆಗಿರುತ್ತದೆ. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗಿದಾಗ ಔನ್ಸಿಗೆ 1,970 ಡಾಲರ್ ಹತ್ತಿರ ಹೋದ ಚಿನ್ನ ಅದೇ ದಿನ ಇಳಿಯಿತು.

ಹಣಕಾಸಿನ ಗಾಬರಿಯ ಲೆಕ್ಕ ಬೇರೆ. ದೊಡ್ಡ ಹೂಡಿಕೆದಾರರು ಸಾಲ ತಂದು ಷೇರು ಕೊಂಡಿರುತ್ತಾರೆ. ಷೇರು ಕುಸಿದರೆ ಸಾಲ ಕೊಟ್ಟವರು ಸಾಲಕ್ಕೆ ಭದ್ರತೆ ಸಾಲದು, ಕೂಡಲೇ ಹೆಚ್ಚುವರಿ ಮಾರ್ಜಿನ್ ಹಣ ಕಟ್ಟು ಎನ್ನುತ್ತಾರೆ. ಬಿದ್ದ ಷೇರು ಮಾರಿದರೆ ನಷ್ಟ ಖಾಯಂ, ಕೆಲವಕ್ಕೆ ಗಿರಾಕಿಯೇ ಇಲ್ಲ. ಚಿನ್ನಕ್ಕೆ ಯಾವಾಗಲೂ ಗಿರಾಕಿ ಇದ್ದಾರೆ, ಹಾಗಾಗಿ ಅದನ್ನೇ ಮಾರುತ್ತಾರೆ. ರೇಷ್ಮೆ ರೀಲರ್ ಒಬ್ಬರಿಗೆ ಗೂಡು ಕೊಳ್ಳಲು ನಾಳೆಯೇ ದುಡ್ಡು ಬೇಕಾದರೆ ಹೊಲ ಮಾರುತ್ತಾರೆಯೇ? ಬಳೆ ಗಿರವಿಗೆ ಹೋಗುತ್ತದೆ.

2008 ನೋಡಿ. ಮಾರ್ಚ್‌ನಲ್ಲಿ ಚಿನ್ನ 1,000 ಡಾಲರ್ ಮುಟ್ಟಿತ್ತು. ಸೆಪ್ಟೆಂಬರ್ 15ಕ್ಕೆ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾದಾಗ ಮೊದಲು ಜಿಗಿಯಿತು, ಆದರೆ ಅಕ್ಟೋಬರ್ 24ರ ಹೊತ್ತಿಗೆ 712ಕ್ಕೆ ಬಂತು. ಡಾಲರಿನಲ್ಲಿ ಇದು ನೂರಕ್ಕೆ 29ರಷ್ಟು ಕುಸಿತ. ಆದರೆ ನಾವು ಕೊಳ್ಳುವುದು ರೂಪಾಯಿಯಲ್ಲಿ. ಒಂದು ಔನ್ಸ್ ಎಂದರೆ 31.1 ಗ್ರಾಂ. ಡಾಲರ್ ಸುಮಾರು 40 ರೂಪಾಯಿ ಇದ್ದಾಗ 10 ಗ್ರಾಂಗೆ, ಸುಂಕ ಬಿಟ್ಟು, 12,860 ರೂ. ಅಕ್ಟೋಬರ್‌ಗೆ ಡಾಲರ್ ಸುಮಾರು 50 ಆಗಿತ್ತು, ಲೆಕ್ಕ 11,450 ರೂ.ಗೆ ನಿಲ್ಲುತ್ತದೆ. ಇಳಿದದ್ದು ನೂರಕ್ಕೆ 11 ಮಾತ್ರ. ಎಲ್ಲರೂ ಡಾಲರಿಗೆ ಓಡಿದ ಆ ಓಟವೇ ರೂಪಾಯಿಯನ್ನೂ ಬೀಳಿಸಿತು, ನಮ್ಮ ಚಿನ್ನಕ್ಕೆ ಮೆತ್ತೆಯನ್ನೂ ಹಾಕಿತು. ವಿದೇಶದ ಸುದ್ದಿ ಕೇಳಿ ಇಲ್ಲೂ ಅಷ್ಟೇ ಅಗ್ಗವಾಗುತ್ತೆ ಎಂದು ಕಾದು ಕೂತರೆ ಮೋಸ ಹೋಗುವುದು ಇಲ್ಲೇ.

2020ರ ಮಾರ್ಚ್‌ನಲ್ಲೂ ಹೀಗೆಯೇ 1,680ರ ಆಸುಪಾಸಿನಿಂದ 1,470ರ ಹತ್ತಿರಕ್ಕೆ ಬಂತು. ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿಯನ್ನು ಶೂನ್ಯದ ಹತ್ತಿರಕ್ಕೆ ಇಳಿಸಿ, 23ರಂದು ಮಿತಿಯಿಲ್ಲದೆ ಬಾಂಡ್ ಕೊಳ್ಳುತ್ತೇವೆ ಎಂದ ಮೇಲೆ ನಗದಿನ ಬರ ನೀಗಿತು. ಬಡ್ಡಿಯೇ ಸಿಗದ ಕಾಲದಲ್ಲಿ ಬಡ್ಡಿ ತಾರದ ಚಿನ್ನ ಇಟ್ಟುಕೊಂಡರೆ ನಷ್ಟವಿಲ್ಲ. ಆಗಸ್ಟ್‌ನಲ್ಲಿ 2,000 ದಾಟಿತು.

ಈ ಹಂತ ಗುರುತಿಸುವುದು ಕಷ್ಟವಲ್ಲ. ಷೇರು, ಚಿನ್ನ ಎರಡೂ ಒಟ್ಟಿಗೆ ಇಳಿದು ಡಾಲರ್ ಮಾತ್ರ ಏರುತ್ತಿದ್ದರೆ ಅದು ನಗದಿಗಾಗಿ ನಡೆದ ಮಾರಾಟ. ಅದು ಎಷ್ಟು ವಾರ ಎಳೆಯುತ್ತದೆಂದು ಯಾರೂ ಹೇಳಲಾರರು. ಆಗ ನಿಜವಾದ ಪೆಟ್ಟು ಒಡವೆ ಅಡವಿಟ್ಟವರಿಗೆ. 100 ರೂ. ಬೆಲೆಯ ಚಿನ್ನಕ್ಕೆ 75 ರೂ. ಸಾಲ ಪಡೆದು, ಶೇ 12ರ ಬಡ್ಡಿ ಒಂದು ವರ್ಷ ಕಟ್ಟದಿದ್ದರೆ ಬಾಕಿ 84 ರೂ. ಚಿನ್ನ 89ಕ್ಕೆ ಇಳಿದರೆ ಉಳಿಯುವ ಅಂತರ 5 ರೂ. ಹಣ ಕಟ್ಟಿ, ಇಲ್ಲವೇ ಹರಾಜು ಎಂಬ ನೋಟಿಸ್ ಬರುವುದು ಆಗಲೇ. ಸಾಲ 60ಕ್ಕೆ ನಿಲ್ಲಿಸಿದ್ದರೆ ಅದೇ ಲೆಕ್ಕದಲ್ಲಿ 22 ರೂ. ಉಳಿದಿರುತ್ತಿತ್ತು.